ಒಂದು ಸೆಲ್ಲಿಗೆ ಒಬ್ಬರೇ: ನೆಟ್ ಇಲ್ಲದಾಗ ಗೂಗಲ್ ಶೀಟ್ಸ್

ಕೇಳುಗರಿಗೆಲ್ಲ ನಮಸ್ಕಾರ. ಹಾಲಿನ ಡೇರಿಯಲ್ಲಿ, ಸ್ತ್ರೀಶಕ್ತಿ ಸಂಘದಲ್ಲಿ, ಮಂಡಿಯಲ್ಲಿ ಮೊಬೈಲಿನಲ್ಲೇ ಲೆಕ್ಕ ಬರೆಯುವವರಿಗಾಗಿ ಇವತ್ತಿನ ಮಾತು. ಮಧುಗಿರಿ ಕಡೆ, ಪಾವಗಡ ಕಡೆ ಇರುವವರು ಸ್ವಲ್ಪ ಹತ್ತಿರ ಬಂದು ಕೂತು ಕೇಳಿ. ಬೆಟ್ಟದ ಹಿಂದಿನ ಊರಿಗೆ ಹೋದ ಕೂಡಲೇ ಫೋನಿನ ನೆಟ್ ಮಾಯ ಆಗುವುದು ನಿಮಗೆ ಹೊಸದಲ್ಲ.

ನೆಟ್ ಇಲ್ಲದಿದ್ದರೂ ಗೂಗಲ್ ಶೀಟ್ಸ್‌ನಲ್ಲಿ ಬರೆಯಬಹುದು. ಮನೆಯಲ್ಲಿ ನೆಟ್ ಇರುವಾಗಲೇ ಆ್ಯಪ್ ತೆರೆಯಿರಿ. ನಿಮ್ಮ ಶೀಟಿನ ಹೆಸರಿನ ಪಕ್ಕ ಮೂರು ಚುಕ್ಕೆ ಇರುತ್ತದೆ, ಅದನ್ನು ಒತ್ತಿ `Make available offline` ಆರಿಸಿ. ಅಷ್ಟೇ ಕೆಲಸ. ಆಮೇಲೆ ನೀವು ಹೊಲದಲ್ಲಿ ಬರೆದದ್ದು ಮೊದಲು ಫೋನಿನೊಳಗೆ ಉಳಿಯುತ್ತದೆ. ನೆಟ್ ಸಿಕ್ಕಾಗ ಆ್ಯಪ್ ತೆರೆದರೆ ಗೂಗಲ್‌ಗೆ ಹೋಗಿ ಎಲ್ಲರ ಶೀಟಿಗೂ ಸೇರುತ್ತದೆ. ಇದಕ್ಕೇ ಸಿಂಕ್ ಆಗುವುದು ಅನ್ನುತ್ತಾರೆ.

ಇಷ್ಟನ್ನು ಎಲ್ಲರೂ ಹೇಳಿಕೊಡುತ್ತಾರೆ. ಅದರ ಮುಂದಿನದನ್ನು ಯಾರೂ ಹೇಳಿಕೊಡುವುದಿಲ್ಲ, ನನಗೆ ಬೇಜಾರು ಅದೇ. ಇಬ್ಬರು ನೆಟ್ ಇಲ್ಲದೆ ಒಂದೇ ಸೆಲ್ಲಿನಲ್ಲಿ ಬರೆದರೆ ಏನಾಗುತ್ತದೆ? ಸೆಲ್ ಅಂದರೆ ಶೀಟಿನ ಒಂದು ಚೌಕ. ಆ ಚೌಕದಲ್ಲಿ ಉಳಿಯುವುದು ಒಬ್ಬರದೇ. ಯಾರದು? ಮೊದಲು ಬರೆದವರದಲ್ಲ, ಸರಿಯಾಗಿ ಬರೆದವರದೂ ಅಲ್ಲ. ಯಾರದು ಕೊನೆಗೆ ಬಂದು ಸೇರಿತೋ ಅವರದು. ಇನ್ನೊಬ್ಬರದು ಸದ್ದಿಲ್ಲದೆ ಹೋಗುತ್ತದೆ. ಫೋನ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಮಧುಗಿರಿ ತಾಲ್ಲೂಕಿನ ಒಂದು ಮಹಿಳಾ ಸಂಘ ಹುಣಸೆಹಣ್ಣು ಕೊಳ್ಳುತ್ತದೆ. ಹಳ್ಳಿಗಳಲ್ಲಿ ತೂಕ ಹಾಕಿ, ಬರೆದುಕೊಂಡು, ತುಮಕೂರು ಮಾರ್ಕೆಟ್‌ಗೆ ಕಳಿಸುತ್ತಾರೆ. ಬರೆಯುವವರು ಇಬ್ಬರು, ಅಕ್ಕತಂಗಿಯರು. ಶೀಟ್ ಒಂದೇ. ದಿನಾಂಕ, ರೈತರ ಹೆಸರು, ಕೆಜಿ, ದರ, ಕೊನೆಗೆ ಮೊತ್ತ. ಮೊತ್ತದ ಸೂತ್ರವನ್ನು ಮೊದಲೇ ಕೆಳಗಿನವರೆಗೂ ಎಳೆದಿಟ್ಟಿದ್ದರು, ಜಾಣರು. ಹಿಂದಿನ ದಿನ 40ನೇ ಸಾಲಿನವರೆಗೆ ತುಂಬಿತ್ತು.

ಬೆಳಿಗ್ಗೆ ಅಕ್ಕ ಒಂದು ಹಳ್ಳಿಗೆ ಹೋದಳು, ತಂಗಿ ಇನ್ನೊಂದಕ್ಕೆ. ಎರಡೂ ಕಡೆ ನೆಟ್ ಇಲ್ಲ. ಇಬ್ಬರ ಫೋನಿನಲ್ಲೂ ಮುಂದಿನ ಖಾಲಿ ಸಾಲು ಯಾವುದು? 41. ಅಲ್ಲೇ ಶುರುವಾಯಿತು ನೋಡಿ. ತಂಗಿ ಬೀಜ ಇರುವ ಹಣ್ಣು ತೂಕ ಹಾಕಿಸಿದಳು. 41ರಲ್ಲಿ 38 ಕೆಜಿ, 42ರಲ್ಲಿ 25, 43ರಲ್ಲಿ 47 ಬರೆದಳು. ಮೂರಕ್ಕೂ ದರ 50 ರೂಪಾಯಿ. ಅಕ್ಕನ ಕಡೆ ಬೀಜ ಬಿಡಿಸಿದ ಹಣ್ಣು. 41ರಲ್ಲಿ 62 ಕೆಜಿ ಬರೆದಳು, ಆ ರೈತರ ಜೊತೆ ದರದ ಮಾತು ಮುಗಿದಿರಲಿಲ್ಲ ಅಂತ ದರದ ಚೌಕ ಖಾಲಿ ಬಿಟ್ಟಳು. 42ರಲ್ಲಿ 54 ಕೆಜಿ, ದರ 110.

ಸಂಜೆ ತಂಗಿ ಮೊದಲು ಬಸ್ ಸ್ಟ್ಯಾಂಡಿಗೆ ಬಂದಳು. ಫೋನಿಗೆ ನೆಟ್ ಸಿಕ್ಕಿತು, ಅವಳ ಮೂರು ಸಾಲೂ ಸೇರಿದವು. ಅಕ್ಕ ಮನೆ ಮುಟ್ಟಿದ್ದು ಕತ್ತಲಾದ ಮೇಲೆ. ಅವಳದು ಆಮೇಲೆ ಬಂದು ಸೇರಿತು. ರಾತ್ರಿ ಕೂತು ಕೂಡಿದರೆ ಶೀಟ್ ತೋರಿಸಿದ್ದು 163 ಕೆಜಿ. ಚೀಲಗಳನ್ನು ತೂಕಕ್ಕಿಟ್ಟರೆ 226. ತಂಗಿಯ 38 ಮತ್ತು 25, ಒಟ್ಟು 63 ಕೆಜಿ, ಅಕ್ಕನ ಅಂಕಿಗಳ ಕೆಳಗೆ ಹೂತುಹೋಗಿತ್ತು. ಪಾಪ, ತಂಗಿಗೆ ಬೈಗುಳ. "ನಾನು ಬರ್ದಿದ್ದೆ ಕಣಕ್ಕ, ನನ್ ಕಣ್ಣಾರೆ ನೋಡಿದ್ದೆ" ಅಂತ ಅವಳು. ಅವಳು ಹೇಳಿದ್ದು ನಿಜ!

ಇದಕ್ಕಿಂತ ಕೆಟ್ಟದ್ದು 41ನೇ ಸಾಲಿನಲ್ಲಿತ್ತು. ಶೀಟ್ ಸಾಲು ಸಾಲಾಗಿ ಸೇರುವುದಿಲ್ಲ, ಸೆಲ್ ಸೆಲ್ಲಾಗಿ ಸೇರುತ್ತದೆ. ಅಕ್ಕ ದರ ಬರೆದಿರಲಿಲ್ಲವಲ್ಲ, ಹಾಗಾಗಿ ಆ ಚೌಕದಲ್ಲಿ ತಂಗಿಯ 50 ಹಾಗೇ ಉಳಿಯಿತು. ಅಕ್ಕನ ರೈತ, ಅಕ್ಕನ 62 ಕೆಜಿ, ತಂಗಿಯ ದರ. ಮೊತ್ತ 3,100 ಅಂತ ಸೂತ್ರ ತಾನೇ ಹಾಕಿಬಿಟ್ಟಿತು. ಆಮೇಲೆ 110ಕ್ಕೇ ಮಾತಾಯಿತು, ಆತನಿಗೆ ಸಲ್ಲಬೇಕಾದದ್ದು 6,820. ಸಾಲು ಹೋದರೆ ತೂಕ ತಾಳೆಯಾಗದೆ ಗೊತ್ತಾಗುತ್ತದೆ. ಇಂಥ ಬೆರಕೆ ಸಾಲು ನೋಡಲು ಸರಿಯಾಗೇ ಇರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಹೋದ ಅಂಕಿ ಸಿಕ್ಕಿತೇ ಅಂತ ಕೇಳುತ್ತೀರಿ. ಸಿಕ್ಕಿತು. ತಂಗಿಯದು ಒಮ್ಮೆ ಗೂಗಲ್‌ಗೆ ಸೇರಿತ್ತಲ್ಲ, ಅದಕ್ಕೇ ಸಿಕ್ಕಿತು. ಕಂಪ್ಯೂಟರಿನಲ್ಲಿ ಶೀಟ್ ತೆಗೆದು, ಅನುಮಾನ ಇರುವ ಸೆಲ್ ಮೇಲೆ ಮೌಸಿನ ಬಲಗುಂಡಿ ಒತ್ತಿ `Show edit history` ಆರಿಸಿ. ಯಾರು, ಯಾವಾಗ, ಏನು ಬದಲಾಯಿಸಿದರು ಅಂತ ಒಂದೊಂದಾಗಿ ತೋರಿಸುತ್ತದೆ. ನೋಡಿ ಬರೆದುಕೊಂಡು, ಕೆಳಗೆ ಹೊಸ ಸಾಲಿನಲ್ಲಿ ತುಂಬಿ. ಗಾಬರಿಯಲ್ಲಿ ಇಡೀ ಶೀಟನ್ನೇ ಹಳೆಯ ಆವೃತ್ತಿಗೆ ಒಯ್ಯಬೇಡಿ. ತಂಗಿಯದು ಬರುತ್ತದೆ, ಅಕ್ಕನದು ಹೋಗುತ್ತದೆ!

ಹಾಗಾದರೆ ಮಾಡುವುದೇನು? ಒಂದು ಸೆಲ್ಲಿಗೆ ಒಬ್ಬರೇ. ಮತ್ತೆ ಹೇಳುತ್ತೇನೆ, ಒಂದು ಸೆಲ್ಲಿಗೆ ಒಬ್ಬರೇ. "ನಾನು 41ರಿಂದ, ನೀನು 61ರಿಂದ" ಅಂತ ಬಾಯಿಮಾತಿನಲ್ಲಿ ಹಂಚಿಕೊಂಡರೆ ಒಂದು ವಾರ ನಡೆಯುತ್ತದೆ, ಆಮೇಲೆ ಮರೆತುಹೋಗುತ್ತದೆ. ಅದೇ ಫೈಲಿನ ಕೆಳಗಡೆ ಪ್ಲಸ್ ಗುರುತು ಒತ್ತಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಹಾಳೆ ಮಾಡಿ. ಅಕ್ಕನ ಹಾಳೆಯಲ್ಲಿ ಅಕ್ಕ, ತಂಗಿಯ ಹಾಳೆಯಲ್ಲಿ ತಂಗಿ. ಒಟ್ಟು ಲೆಕ್ಕಕ್ಕೆ ಮೂರನೆಯ ಹಾಳೆ, ಅದರಲ್ಲಿ ಯಾರೂ ಕೈಯಿಂದ ಅಂಕಿ ಬರೆಯುವಂತಿಲ್ಲ, ಸೂತ್ರ ಮಾತ್ರ. ಕೆಜಿ ಸಿ ಕಾಲಂನಲ್ಲಿದ್ದು, ಮೊದಲ ಸಾಲು ತಲೆಬರಹ ಆಗಿದ್ದರೆ ಸೂತ್ರ ಹೀಗೆ. ನಿಧಾನವಾಗಿ ಓದುತ್ತೇನೆ, ಬರೆದುಕೊಳ್ಳಿ.

```
=SUM(Akka!C2:C, Tangi!C2:C)
```

`Akka`, `Tangi` ಅನ್ನುವುದು ಹಾಳೆಯ ಹೆಸರು, ನಿಮ್ಮ ಹಾಳೆಗೆ ಏನು ಹೆಸರಿಟ್ಟಿದ್ದೀರೋ ಅದೇ ಬರೆಯಿರಿ. ಈಗ ಯಾರು ಮೊದಲು ಬಸ್ ಸ್ಟ್ಯಾಂಡ್ ಮುಟ್ಟಿದರೂ ಚಿಂತೆಯಿಲ್ಲ. ಇಬ್ಬರ 41ನೇ ಸಾಲೂ ಬೇರೆ ಬೇರೆ ಹಾಳೆಯಲ್ಲಿದೆ. ಆ ಸಂಘದವರು ಹೀಗೇ ಮಾಡಿಕೊಂಡರು. ಸಂಜೆ ಇಬ್ಬರ ಫೋನೂ ಸಿಂಕ್ ಆದ ಮೇಲೇ ಒಟ್ಟು ನೋಡುತ್ತಾರೆ. ಅದೂ ಮುಖ್ಯ. ಒಬ್ಬರದು ಬರುವ ಮೊದಲೇ ನೋಡಿದರೆ ಅರ್ಧ ಲೆಕ್ಕ ಕಾಣುತ್ತದೆ.

ಹುಣಸೆಹಣ್ಣಿನ ಕತೆಯಲ್ಲೇ ಸಮಯ ಕಳೆದುಹೋಯಿತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಹೊರಡುವ ಮೊದಲು ಮನೆಯಲ್ಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಶೀಟ್ ತೆಗೆದು ನೋಡಿ. ತೆರೆದರೆ ಹೊಲದಲ್ಲೂ ತೆರೆಯುತ್ತದೆ. ಕಂಪ್ಯೂಟರ್ ಬಳಸುವವರಿಗೆ ನೆಟ್ ಇಲ್ಲದೆ ಬರೆಯುವುದು ಕ್ರೋಮ್ ಅಥವಾ ಎಡ್ಜ್ ಬ್ರೌಸರಿನಲ್ಲಿ ನಡೆಯುತ್ತದೆ, ಇನ್‌ಕಾಗ್ನಿಟೋ ಕಿಟಕಿಯಲ್ಲಿ ಇಲ್ಲ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಂತೂ ಆಫ್‌ಲೈನ್ ಆನ್ ಮಾಡಲೇಬೇಡಿ, ನಿಮ್ಮ ಲೆಕ್ಕ ಅಲ್ಲೇ ಉಳಿಯುತ್ತದೆ. ಬೇರೆ ಫೈಲಿನಿಂದ `IMPORTRANGE` ಹಾಕಿ ಅಂಕಿ ತರಿಸಿಕೊಳ್ಳುವವರಿಗೆ ನೆಟ್ ಇಲ್ಲದಾಗ ಹೊಸ ಅಂಕಿ ಬರುವುದಿಲ್ಲ.

ಕೊನೆಯದು. ಸಿಂಕ್ ಆಗುವ ತನಕ ನೀವು ಬರೆದದ್ದು ಆ ಒಂದು ಫೋನಿನೊಳಗೆ ಮಾತ್ರ ಇದೆ. ಜಾಗ ಸಾಲದು ಅಂತ ಮಗನ ಕೈಗೆ ಕೊಟ್ಟು ಆ್ಯಪಿನ ಡೇಟಾ ಅಳಿಸಿದರೆ, ಆ್ಯಪನ್ನೇ ತೆಗೆದುಹಾಕಿದರೆ, ಆ ದಿನದ ಲೆಕ್ಕ ಹೋಯಿತು ಅಂತಲೇ. ಆಗಲೇ ಹೇಳಿದ `Show edit history`ಯಲ್ಲೂ ಅದು ಸಿಗುವುದಿಲ್ಲ, ಗೂಗಲ್‌ಗೆ ಅದು ಹೋಗಿಯೇ ಇರುವುದಿಲ್ಲವಲ್ಲ. ನೆಟ್ ಸಿಕ್ಕ ಜಾಗದಲ್ಲಿ ಆ್ಯಪಿನಲ್ಲಿ ಶೀಟ್ ತೆರೆದು, ಇನ್ನೊಬ್ಬರ ಫೋನಿನಲ್ಲಿ ನಿಮ್ಮ ಕೊನೆಯ ಸಾಲು ಕಾಣುತ್ತಿದೆಯಾ ಅಂತ ಕೇಳಿಕೊಂಡು ಆಮೇಲೆ ಏನು ಬೇಕಾದರೂ ಅಳಿಸಿ. ನಮಸ್ಕಾರ.