ಮುನ್ನೂರ ಹತ್ತು ರೂಪಾಯಿ ಎಲ್ಲಿಂದ ಬಂತು?

(ಪ್ರೌಢಶಾಲೆ ಮಕ್ಕಳಿಗೂ ಅವರ ಪೋಷಕರಿಗೂ ನೀಡಿದ ಉಪನ್ಯಾಸದ ಬರಹರೂಪ)

ಮಕ್ಕಳೇ, ಹಿಂದಿನ ಬೆಂಚುಗಳಲ್ಲಿ ಕೂತಿರುವ ತಂದೆ ತಾಯಿಯರೇ, ಎಲ್ಲರಿಗೂ ನಮಸ್ಕಾರ.

ಸರಳ ಬಡ್ಡಿ, ಚಕ್ರಬಡ್ಡಿ ಅಂದ ಕೂಡಲೇ ನಿಮ್ಮಲ್ಲಿ ಹೆಚ್ಚಿನವರಿಗೆ ಎರಡು ಸೂತ್ರಗಳು ನೆನಪಾಗುತ್ತವೆ. ಸೂತ್ರ ಆಮೇಲೆ ಬರಲಿ. ಮೊದಲು ಒಂದು ಮನೆಗೆ ಹೋಗೋಣ. ಆ ಮನೆಯಲ್ಲಿ ಅಕ್ಕ, ತಮ್ಮ ಇದ್ದಾರೆ. ಅಜ್ಜಿ ಕುರಿ ಮಾರಿ ಬಂದ ಹಣದಲ್ಲಿ ಇಬ್ಬರಿಗೂ ಹತ್ತು ಹತ್ತು ಸಾವಿರ ಕೊಟ್ಟರು. ಇಬ್ಬರೂ ಒಂದೇ ದಿನ, ಒಂದೇ ಕಡೆ, ಮೂರು ವರ್ಷಕ್ಕೆಂದು ಹಣ ಇಟ್ಟರು. ಬಡ್ಡಿ ದರ ವರ್ಷಕ್ಕೆ ಶೇಕಡಾ 10. ಈಗ ಬ್ಯಾಂಕಿನಲ್ಲಿ ಠೇವಣಿಗೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆಯೇ ಸಿಗುತ್ತದೆ. ಲೆಕ್ಕ ಬಾಯಲ್ಲೇ ಆಗಲಿ ಅಂತ ಹತ್ತು ಹಿಡಿದಿದ್ದೇನೆ.

ವರ್ಷ ತುಂಬಿತು. ಹತ್ತು ಸಾವಿರಕ್ಕೆ ಶೇಕಡಾ 10 ಅಂದರೆ 1,000 ರೂಪಾಯಿ. ಇಬ್ಬರಿಗೂ ಅಷ್ಟೇ ಬಡ್ಡಿ. ಅಕ್ಕ ಹೋಗಿ ತನ್ನ ಸಾವಿರವನ್ನು ಬಿಡಿಸಿಕೊಂಡು ಬಂದಳು, ಅಡುಗೆಮನೆ ಅಟ್ಟದ ಮೇಲಿನ ತಗಡಿನ ಡಬ್ಬಿಯಲ್ಲಿ ಇಟ್ಟಳು. ತಮ್ಮ ಬಿಡಿಸಲಿಲ್ಲ. "ಅಲ್ಲೇ ಇರಲಿ ಬಿಡಿ" ಅಂದ.

ಎರಡನೇ ವರ್ಷ ಅಕ್ಕನ ಹೆಸರಲ್ಲಿ ಇರುವುದು ಎಷ್ಟು? ಮತ್ತೆ ಅದೇ 10,000. ಹಾಗಾಗಿ ಮತ್ತೆ 1,000 ಬಂತು, ಡಬ್ಬಿ ಸೇರಿತು. ಮೂರನೇ ವರ್ಷವೂ ಹಾಗೆಯೇ. ಮೂರು ವರ್ಷದ ಕೊನೆಗೆ ಅವಳ ಅಸಲು 10,000, ಡಬ್ಬಿಯಲ್ಲಿ 3,000, ಒಟ್ಟು 13,000. ಇದೇ ಸರಳ ಬಡ್ಡಿ. ಅಸಲು ಕೊನೆಯವರೆಗೂ ಬದಲಾಗುವುದಿಲ್ಲ, ಆದ್ದರಿಂದ ಬಡ್ಡಿಯೂ ಬದಲಾಗುವುದಿಲ್ಲ. ಪುಸ್ತಕದಲ್ಲಿ ಇದನ್ನೇ ಹೀಗೆ ಬರೆದಿದ್ದಾರೆ:

I = P × T × R / 100 = 10000 × 3 × 10 / 100 = 3000

ಈಗ ತಮ್ಮನ ಕಡೆ ನೋಡಿ. ಮೊದಲ ವರ್ಷದ ಸಾವಿರವನ್ನು ಅವನು ಅಲ್ಲೇ ಬಿಟ್ಟ. ಎರಡನೇ ವರ್ಷದ ಮೊದಲ ದಿನ ಅವನ ಲೆಕ್ಕದಲ್ಲಿ ಇರುವುದು 11,000. ಅದರ ಹತ್ತನೇ ಒಂದು ಭಾಗ 1,100. ಈಗ 12,100 ಆಯಿತು. ಮೂರನೇ ವರ್ಷ ಅದರ ಹತ್ತನೇ ಒಂದು ಭಾಗ 1,210. ಕೊನೆಗೆ 13,310. ಇದು ಚಕ್ರಬಡ್ಡಿ. ಪ್ರತಿ ವರ್ಷದ ಬಡ್ಡಿ ಆ ವರ್ಷದ ಕೊನೆಗೆ ಅಸಲಿನೊಳಗೆ ಸೇರಿ, ಮುಂದಿನ ವರ್ಷ ತಾನೂ ಅಸಲಾಗಿ ದುಡಿಯುತ್ತದೆ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ದರ ಒಂದೇ, ಕಾಲ ಒಂದೇ, ಇಟ್ಟ ಹಣವೂ ಒಂದೇ. ತಮ್ಮನಿಗೆ 310 ರೂಪಾಯಿ ಹೆಚ್ಚು ಬಂತು. ಅದನ್ನು ಯಾರೂ ಉಡುಗೊರೆಯಾಗಿ ಕೊಟ್ಟಿಲ್ಲ. ಅಕ್ಕನ ಡಬ್ಬಿಯಲ್ಲಿ ಸುಮ್ಮನೆ ಕೂತಿದ್ದ ನೋಟುಗಳು ತಮ್ಮನ ಲೆಕ್ಕದಲ್ಲಿ ಕೂತಿರಲಿಲ್ಲ, ವ್ಯತ್ಯಾಸ ಇಷ್ಟೇ. ಸರಳ ಬಡ್ಡಿ ಮತ್ತು ಚಕ್ರಬಡ್ಡಿ ಎರಡು ಬೇರೆ ಜಾತಿಯ ಬಡ್ಡಿ ಅಂತ ಮಕ್ಕಳು ತಿಳಿದುಕೊಳ್ಳುತ್ತಾರೆ. ಅಲ್ಲ. ಬಂದ ಬಡ್ಡಿಯನ್ನು ಹೊರಗೆ ತೆಗೆದರೆ ಸರಳ, ಒಳಗೇ ಬಿಟ್ಟರೆ ಚಕ್ರ.

ಆ 310ನ್ನು ಬಿಡಿಸಿ ನೋಡೋಣ. ಈ ಪಾಠದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು, ಹಾಗಾಗಿ ಅವಸರ ಮಾಡುವುದಿಲ್ಲ. ಅಸಲನ್ನು ತಾಯಿ ಅನ್ನಿ. ತಾಯಿಗೆ ವರ್ಷಕ್ಕೊಬ್ಬಳಂತೆ ಮೂರು ವರ್ಷದಲ್ಲಿ ಮೂವರು ಹೆಣ್ಣುಮಕ್ಕಳು, ಒಬ್ಬೊಬ್ಬಳೂ ಸಾವಿರ ರೂಪಾಯಿ. ಇಲ್ಲಿಯವರೆಗೆ ಅಕ್ಕನ ಮನೆಯೂ ತಮ್ಮನ ಮನೆಯೂ ಒಂದೇ. ಆದರೆ ತಮ್ಮನ ಲೆಕ್ಕದಲ್ಲಿ ಹೆಣ್ಣುಮಕ್ಕಳಿಗೂ ಮಕ್ಕಳಾಗುತ್ತಾರೆ. ಮೊದಲ ವರ್ಷದ ಕೊನೆಗೆ ಹುಟ್ಟಿದವಳಿಗೆ ಎರಡನೇ ವರ್ಷ ಒಂದು ನೂರು, ಮೂರನೇ ವರ್ಷ ಇನ್ನೊಂದು ನೂರು. ಎರಡನೇ ವರ್ಷದ ಕೊನೆಗೆ ಹುಟ್ಟಿದವಳಿಗೆ ಮೂರನೇ ವರ್ಷ ಒಂದು ನೂರು. ಮೂರನೇ ವರ್ಷದ ಕೊನೆಗೆ ಹುಟ್ಟಿದವಳಿಗೆ ಇನ್ನೂ ಕಾಲ ಸಿಕ್ಕಿಲ್ಲ. ಹೀಗೆ ಮೂವರು ಮೊಮ್ಮಕ್ಕಳು, ಮುನ್ನೂರು ರೂಪಾಯಿ. ಉಳಿದ ಹತ್ತು? ಎರಡನೇ ವರ್ಷ ಹುಟ್ಟಿದ ಮೊಮ್ಮಗಳ ನೂರಕ್ಕೆ ಮೂರನೇ ವರ್ಷ ಹತ್ತು ರೂಪಾಯಿ ಬಡ್ಡಿ ಬಂತಲ್ಲ, ಆ ಮರಿಮಗಳು.

ಒಬ್ಬ ತಾಯಿ, ಮೂವರು ಮಕ್ಕಳು, ಮೂವರು ಮೊಮ್ಮಕ್ಕಳು, ಒಬ್ಬ ಮರಿಮಗಳು. 1, 3, 3, 1. ಒಂಬತ್ತನೇ ತರಗತಿಯವರಿಗೆ ಈ ಸಂಖ್ಯೆಗಳು ಎಲ್ಲೋ ನೋಡಿದ ಹಾಗಿದೆ ಅನ್ನಿಸಬೇಕು. ಬೀಜಗಣಿತದ ನಿತ್ಯಸಮೀಕರಣ ನೆನಪು ಮಾಡಿಕೊಳ್ಳಿ:

(1 + x)³ = 1 + 3x + 3x² + x³

x ಜಾಗದಲ್ಲಿ 0.1 ಹಾಕಿ, 10,000ದಿಂದ ಗುಣಿಸಿ. 10,000 + 3,000 + 300 + 10 ಬರುತ್ತದೆ. ಪುಸ್ತಕದ ಚಕ್ರಬಡ್ಡಿ ಸೂತ್ರ A = P(1 + R/100)ⁿ ಅಂದರೆ ಇಷ್ಟೇ. ಪ್ರತಿ ವರ್ಷ ಇರುವ ಹಣವನ್ನು 1.1ರಿಂದ ಒಂದು ಸಲ ಗುಣಿಸುತ್ತೀರಿ. ಮೂರು ವರ್ಷವಾದರೆ ಮೂರು ಸಲ. ಇದನ್ನು ಕಂಠಪಾಠ ಮಾಡಿದ ಹುಡುಗ ಪರೀಕ್ಷೆಯ ಗಡಿಬಿಡಿಯಲ್ಲಿ ಮರೆಯಬಹುದು. ಆ ಕುಟುಂಬವನ್ನು ಒಮ್ಮೆ ಎಣಿಸಿದವನು ಸೂತ್ರ ಮರೆತರೂ ಉತ್ತರ ತೆಗೆಯುತ್ತಾನೆ.

ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಒಂದಿದೆ. "ಚಕ್ರಬಡ್ಡಿ ಎಷ್ಟು?" ಅಂತ ಕೇಳಿದರೆ 13,310 ಅಂತ ಬರೆದು ಅಡಿಗೆರೆ ಎಳೆದಿರುತ್ತಾರೆ. ಅದು ಮೊತ್ತ, ಬಡ್ಡಿಯಲ್ಲ. ಸೂತ್ರದ A ಕೊಡುವುದು ಅಸಲೂ ಬಡ್ಡಿಯೂ ಸೇರಿದ ಮೊತ್ತ, ಅದರಿಂದ ಅಸಲು ಕಳೆದರೆ ಬಡ್ಡಿ 3,310. ಸರಳ ಬಡ್ಡಿಯ ಸೂತ್ರ ನೇರವಾಗಿ ಬಡ್ಡಿಯನ್ನೇ ಕೊಡುವುದರಿಂದ ಈ ಗೊಂದಲ ಹುಟ್ಟುತ್ತದೆ. ಲೆಕ್ಕ ಸರಿಯಾಗಿದೆಯೇ ಅಂತ ನೋಡಿಕೊಳ್ಳಲು ಒಂದು ಸುಲಭ ದಾರಿ ಹೇಳುತ್ತೇನೆ. ವರ್ಷವರ್ಷದ ಬಡ್ಡಿಯನ್ನು ಸಾಲಾಗಿ ಬರೆಯಿರಿ: 1,000, 1,100, 1,210. ಪ್ರತಿ ಸಂಖ್ಯೆಯೂ ಹಿಂದಿನದಕ್ಕಿಂತ ಸರಿಯಾಗಿ ಶೇಕಡಾ 10ರಷ್ಟು ದೊಡ್ಡದಾಗಿರಬೇಕು. ಮೂರನೇ ವರ್ಷ 1,200 ಬಂದಿದ್ದರೆ, ಮರಿಮಗಳನ್ನು ಎಣಿಸಲು ಮರೆತಿದ್ದೀರಿ.

ಇನ್ನು ಬಡ್ಡಿ ಎಷ್ಟು ದಿನಕ್ಕೊಮ್ಮೆ ಅಸಲಿಗೆ ಸೇರುತ್ತದೆ ಅನ್ನುವ ಮಾತು. ನಮ್ಮ ಬ್ಯಾಂಕುಗಳಲ್ಲಿ ಬಡ್ಡಿಯನ್ನು ಕೊನೆಯವರೆಗೆ ಬಿಡುವ ಠೇವಣಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಸೇರಿಸುತ್ತಾರೆ. ಆಗ ಶೇಕಡಾ 10ನ್ನು ನಾಲ್ಕು ಪಾಲು ಮಾಡಿ, ಮೂರು ತಿಂಗಳಿಗೆ ಶೇಕಡಾ 2.5ರಂತೆ ಹಾಕಬೇಕು. ಮೊದಲ ಮೂರು ತಿಂಗಳಿಗೆ 250 ರೂಪಾಯಿ, ಮುಂದಿನ ಮೂರಕ್ಕೆ 256 ರೂಪಾಯಿ 25 ಪೈಸೆ. ಹೀಗೆ ನಾಲ್ಕು ಸಲ ಸೇರಿದಾಗ ಮೊದಲ ವರ್ಷದ ಬಡ್ಡಿಯೇ ಸುಮಾರು 1,038 ಆಗುತ್ತದೆ. ಮೂರು ವರ್ಷಕ್ಕೆ ಹನ್ನೆರಡು ಸಲ ಗುಣಿಸಿದರೆ ಮೊತ್ತ ಸುಮಾರು 13,449. ದರವನ್ನು ಪಾಲು ಮಾಡಿ ಅವಧಿಯನ್ನು ಹಾಗೇ ಬಿಡುವುದು, ಅಥವಾ ಅವಧಿ ಹೆಚ್ಚಿಸಿ ದರವನ್ನು ಹಾಗೇ ಬಿಡುವುದು, ಈ ಎರಡೂ ತಪ್ಪುಗಳು ಬರುವುದು ಇಲ್ಲೇ.

ಇಷ್ಟು ಹೊತ್ತು ಹಣ ಇಟ್ಟವರ ಕಡೆಯಿಂದ ಹೇಳಿದೆ. ಈಗ ಸಾಲ ತೆಗೆದುಕೊಂಡವರ ಕಡೆಯಿಂದ. ಹಿಂದಿನ ಬೆಂಚಿನವರಿಗೆ ಈ ಭಾಗ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತು.

ಕೈಸಾಲದಲ್ಲಿ ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಹೇಳುವುದಿಲ್ಲ. "ಎರಡು ರೂಪಾಯಿ ಬಡ್ಡಿ" ಅನ್ನುತ್ತಾರೆ. ಅಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ಕೇಳಲು ಹಗುರ, ವರ್ಷಕ್ಕೆ ಶೇಕಡಾ 24. ನೂರಕ್ಕೆ ತಿಂಗಳಿಗೆ ಇಷ್ಟು ಅಂತ ಲೆಕ್ಕ ಹಾಕುವ ರೂಢಿ ಬಹಳ ಹಳೆಯದು. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯ ಬಡ್ಡಿಯ ಲೆಕ್ಕಗಳನ್ನು ಇದೇ ರೀತಿ ಕೊಟ್ಟಿದ್ದಾನೆ.

ಒಬ್ಬರು 10,000 ರೂಪಾಯಿಯನ್ನು ಎರಡು ರೂಪಾಯಿ ಬಡ್ಡಿಗೆ ತಂದು ಪ್ರೋನೋಟು ಬರೆದುಕೊಟ್ಟರು ಅನ್ನಿ. ಮೂರು ವರ್ಷ ಏನೂ ಕಟ್ಟಲಾಗಲಿಲ್ಲ. ಸರಳ ಬಡ್ಡಿಯಲ್ಲಿ ವರ್ಷಕ್ಕೆ 2,400ರಂತೆ 7,200 ಆಯಿತು. ಕೊಡಬೇಕಾದದ್ದು 17,200. ಪ್ರೋನೋಟಿನ ಮೇಲೆ ದಾವೆ ಹೂಡಲು ಕಾನೂನು ಕೊಡುವ ಕಾಲ ಸಾಮಾನ್ಯವಾಗಿ ಮೂರು ವರ್ಷ. ಅದಕ್ಕೇ ಸಾಲ ಕೊಟ್ಟವರು ಮೂರು ವರ್ಷ ಮುಗಿಯುವುದಕ್ಕೆ ಮುಂಚೆ ಹಳೆಯ ನೋಟು ಹರಿದು ಹೊಸ ನೋಟು ಬರೆಸಿಕೊಳ್ಳುತ್ತಾರೆ. ಹೊಸ ನೋಟಿನಲ್ಲಿ ಎಷ್ಟು ಬರೆಯುತ್ತಾರೆ? ಹದಿನೇಳು ಸಾವಿರದ ಇನ್ನೂರು, ಅಸಲು ಅಂತ.

ಆ ಒಂದು ಸಾಲಿನಲ್ಲಿ 7,200 ರೂಪಾಯಿ ಬಡ್ಡಿ ಅಸಲಾಗಿ ಹೋಯಿತು. "ಚಕ್ರಬಡ್ಡಿ" ಅನ್ನುವ ಪದ ನೋಟಿನಲ್ಲಿ ಎಲ್ಲೂ ಇಲ್ಲ. ಎರಡೂ ನೋಟಿನಲ್ಲಿ ಇರುವುದು ಸರಳ ಬಡ್ಡಿಯೇ. ಆದರೆ ನಾಲ್ಕನೇ ವರ್ಷದಿಂದ ವರ್ಷದ ಬಡ್ಡಿ 2,400 ಅಲ್ಲ, 4,128. ಇನ್ನೂ ಮೂರು ವರ್ಷ ಹಾಗೇ ಬಿಟ್ಟರೆ ಒಟ್ಟು 29,584. ಮೊದಲ ನೋಟೇ ಆರು ವರ್ಷ ನಡೆದಿದ್ದರೆ 24,400. ನಡುವಿನ 5,184 ರೂಪಾಯಿ ಪೂರ್ತಿ ಬಡ್ಡಿಯ ಮೇಲಿನ ಬಡ್ಡಿ: 7,200ಕ್ಕೆ ಮೂರು ವರ್ಷಕ್ಕೆ ಶೇಕಡಾ 72. ಮನೆಗೆ ಹೋಗಿ ನೀವೇ ಗುಣಿಸಿ ನೋಡಿ.

ಅಸಲು ತೀರಿಸಲು ಆಗದಿದ್ದರೂ ಬಡ್ಡಿಯನ್ನಾದರೂ ಕಟ್ಟುತ್ತಾ ಬನ್ನಿ ಅಂತ ಹಿರಿಯರು ಹೇಳುತ್ತಿದ್ದುದು ಇದಕ್ಕೇ. ವರ್ಷವರ್ಷವೂ ಬಡ್ಡಿ ಕಟ್ಟಿದವರ ನೋಟಿನಲ್ಲಿ ಹತ್ತು ಸಾವಿರ ಹತ್ತು ಸಾವಿರವಾಗಿಯೇ ಉಳಿಯುತ್ತದೆ. ಮತ್ತೆ ಅಕ್ಕನ ಡಬ್ಬಿಯ ಲೆಕ್ಕವೇ, ಈ ಸಲ ಸಾಲಗಾರರ ಪರವಾಗಿ. ಕಟ್ಟಲಾಗದೆ ನೋಟು ಬದಲಾಯಿಸಲೇಬೇಕಾದರೆ, ಅಸಲು ಇಷ್ಟು, ಬಾಕಿ ಬಡ್ಡಿ ಇಷ್ಟು, ಮುಂದಿನ ಬಡ್ಡಿ ಅಸಲಿನ ಮೇಲೆ ಮಾತ್ರ ಅಂತ ಬೇರೆ ಬೇರೆಯಾಗಿ ಬರೆಸಬೇಕು. ಒಪ್ಪುವುದು ಬಿಡುವುದು ಕೊಟ್ಟವರ ಇಷ್ಟ ಇರಬಹುದು, ಆದರೂ ಕೇಳಬೇಕು. ಪ್ರೌಢಶಾಲೆಯಲ್ಲಿ ಓದುವ ಮಗ ಅಥವಾ ಮಗಳು ಸಹಿಗೆ ಮುಂಚೆ ಆ ನೋಟನ್ನು ಓದಿ, "ಅಪ್ಪಾ, ಇದರಲ್ಲಿ ಅಸಲು ಎಷ್ಟು, ಬಡ್ಡಿ ಎಷ್ಟು?" ಅಂತ ಕೇಳಿದರೆ ಆ ಮನೆಯಲ್ಲಿ ಐದು ಸಾವಿರ ಉಳಿಯಬಹುದು.

ಒಂದು ಲೆಕ್ಕ ಕೊಟ್ಟು ಮುಗಿಸುತ್ತೇನೆ. ಅಕ್ಕ ತಮ್ಮ ಇಬ್ಬರೂ ನಾಲ್ಕನೇ ವರ್ಷಕ್ಕೂ ಹಣ ಹಾಗೇ ಬಿಟ್ಟರು, ಅಕ್ಕ ಎಂದಿನಂತೆ ಬಡ್ಡಿಯನ್ನು ಡಬ್ಬಿಗೆ ಹಾಕಿದಳು. ಇಬ್ಬರ ನಡುವಿನ ವ್ಯತ್ಯಾಸ 310ರಿಂದ 641ಕ್ಕೆ ಏರುತ್ತದೆ. ಉತ್ತರ ಹೇಳಿಬಿಟ್ಟಿದ್ದೇನೆ. ನಿಮ್ಮ ಕೆಲಸ ಮೊಮ್ಮಕ್ಕಳು ಎಷ್ಟು, ಮರಿಮಕ್ಕಳು ಎಷ್ಟು, ಕೊನೆಯ ಆ ಒಂದು ರೂಪಾಯಿ ಯಾರದು ಅಂತ ಹುಡುಕುವುದು.