ಭಾನುವಾರ ತಿಂದದ್ದು, ಗುರುವಾರ ಕಂಡದ್ದು

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾಯಿ ಸಾಕಿದ್ದರೆ ಒಂದೈದು ನಿಮಿಷ ಕೆಲಸ ಬಿಟ್ಟು ಕೇಳಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಇದನ್ನು ಎಷ್ಟೋ ಜನ ಕೇಳಿದ್ದೀರಿ, ಆದರೂ ನಂಬುವುದಿಲ್ಲ. ಯಾಕೆ ಅಂದರೆ ತಿಂದ ದಿನ ನಾಯಿಗೆ ಹೆಚ್ಚಾಗಿ ಏನೂ ಆಗುವುದಿಲ್ಲ. ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತದೆ. ಮೂರು ನಾಲ್ಕು ದಿನ ಆದಮೇಲೆ ಮಲಗುತ್ತದೆ, ಅಷ್ಟು ಹೊತ್ತಿಗೆ ಭಾನುವಾರದ ಊಟ ಯಾರಿಗೆ ನೆನಪಿರುತ್ತದೆ ಹೇಳಿ?

ಮಂಡ್ಯದ ಹತ್ತಿರದ ಒಂದು ಹಳ್ಳಿಯಿಂದ ಒಬ್ಬ ತಾಯಿ, ಮಗ ನಾಯಿ ಎತ್ತಿಕೊಂಡು ನಮ್ಮ ಹತ್ತಿರ ಚಿಕಿತ್ಸೆಗೆ ಬಂದರು. ನಮ್ಮೂರ ಕಡೆಯದೇ ಕಂದು ನಾಯಿ, 12 ಕೆಜಿ ತೂಕ. ಅವತ್ತು ಗುರುವಾರ. ಎರಡು ದಿನದಿಂದ ಅನ್ನ ಮುಟ್ಟಿಲ್ಲ, ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. ತುಟಿ ಎತ್ತಿ ನೋಡಿದರೆ ವಸಡು ಬಿಳಿಚಿಕೊಂಡು ಸ್ವಲ್ಪ ಹಳದಿಗೆ ತಿರುಗಿತ್ತು. ಹಿಂದಿನ ದಿನ ಬೇರೆ ಕಡೆ ತೋರಿಸಿದ್ದರು. ಕಿವಿ ಹಿಂದೆ ಉಣ್ಣೆ ಇದ್ದವು, ಹಾಗಾಗಿ ಉಣ್ಣೆ ಜ್ವರ ಅಂತ ಇಂಜೆಕ್ಷನ್ ಆಗಿತ್ತು. ಉಣ್ಣೆ ಜ್ವರದಲ್ಲೂ ಮೂತ್ರ ಹೀಗೇ ಕಪ್ಪಾಗುತ್ತದೆ, ವಸಡು ಹೀಗೇ ಬಿಳಿಚುತ್ತದೆ. ಹೊರಗಿನಿಂದ ನೋಡಿ ಬೇರೆ ಮಾಡುವುದು ಕಷ್ಟ. ಒಂದು ತೊಟ್ಟು ರಕ್ತ ಗಾಜಿನ ಮೇಲೆ ಸವರಿ ನೋಡಬೇಕು, ಅಷ್ಟೇ. ಆ ಒಂದು ಕೆಲಸ ಬಿಟ್ಟುಹೋಗಿತ್ತು.

ನಾವು ಮೊದಲು ಮಾಮೂಲಿ ಲೀಷ್‌ಮನ್ ಬಣ್ಣ ಹಾಕಿ ನೋಡಿದೆವು. ಉಣ್ಣೆ ಜ್ವರ ತರುವ ಬಬೇಸಿಯಾ ಅನ್ನುವ ಪರಜೀವಿ ಆಗಿದ್ದರೆ ಕೆಂಪು ರಕ್ತಕಣದ ಒಳಗೆ ಪೇರಳೆ ಆಕಾರದಲ್ಲಿ ಜೋಡಿ ಜೋಡಿಯಾಗಿ ಕಾಣಬೇಕಿತ್ತು. ಹುಡುಕಿದರೂ ಒಂದೂ ಇಲ್ಲ. ಬದಲಿಗೆ ಕಣಗಳ ಅಂಚಿನಲ್ಲಿ ಮೊಡವೆ ಎದ್ದ ಹಾಗೆ ಸಣ್ಣ ಬಿಳಿಚು ಗುಬುಟು. ಕೆಲವು ಕಣಗಳಲ್ಲಿ ಕೆಂಪೆಲ್ಲ ಒಂದು ಪಕ್ಕಕ್ಕೆ ಸರಿದು ಇನ್ನೊಂದು ಪಕ್ಕ ಖಾಲಿ. ಆಗಲೇ ಅನುಮಾನ ಬಂತು. ಇನ್ನೊಂದಿಷ್ಟು ರಕ್ತಕ್ಕೆ ಅಷ್ಟೇ ಪ್ರಮಾಣದ ನ್ಯೂ ಮೆಥಿಲೀನ್ ಬ್ಲೂ ಅನ್ನುವ ಬಣ್ಣ ಬೆರೆಸಿ, ಕಾಲು ಗಂಟೆ ಬಿಟ್ಟು ಸವರಿ ನೋಡಿದರೆ, ಅದೇ ಗುಬುಟುಗಳು ಕಡು ನೀಲಿ ಚುಕ್ಕೆ! ಕಣಕ್ಕೊಂದರಂತೆ ಅಂಚಿಗೆ ಅಂಟಿಕೊಂಡು ಕೂತಿದ್ದವು. ಇವೇ ಹೈನ್ಜ್ ಬಾಡಿ. 1890ರಲ್ಲಿ ಹೈನ್ಜ್ ಅನ್ನುವ ಜರ್ಮನ್ ವೈದ್ಯರು ಮೊದಲು ವಿವರಿಸಿದ್ದು.

ಅಲ್ಲಿಂದೆದ್ದು ಬಂದು ಕೇಳಿದೆ, "ಅಮ್ಮಾ, ಹೋದ ಭಾನುವಾರದಿಂದ ಏನೇನು ಹಾಕಿದ್ರಿ?" "ಏನಿಲ್ಲ ಡಾಕ್ಟ್ರೇ, ಬರೀ ಮುದ್ದೆ, ಸಾರು" ಅಂದರು. ಯಾವ ಸಾರು? ಮಗ ಮೆಲ್ಲಗೆ ಬಾಯಿಬಿಟ್ಟ: ಭಾನುವಾರ ಪಕ್ಕದ ಮನೆಯಲ್ಲಿ ಬೀಗರೂಟ, ಉಳಿದ ಮಾಂಸದ ಗೊಜ್ಜು ಒಂದು ಪಾತ್ರೆ ಕೊಟ್ಟಿದ್ದರು, ಎರಡು ದಿನ ಮುದ್ದೆಗೆ ಕಲಸಿ ಹಾಕಿದ್ದು. ತಾಯಿ "ಅದ್ರಲ್ಲಿ ಒಂದು ಚೂರೂ ಈರುಳ್ಳಿ ಕಾಣ್ತಿರ್ಲಿಲ್ವಲ್ಲ" ಅಂದರು. ಕಾಣುವುದಿಲ್ಲ, ರುಬ್ಬಿ ಹುರಿದು ಹಾಕಿರುತ್ತಾರೆ, ಅಲ್ವಾ? ಬೇಯಿಸಿದರೂ ಹುರಿದರೂ ಪುಡಿ ಮಾಡಿದರೂ ಆ ವಿಷ ಹೋಗುವುದಿಲ್ಲ. ನಾಯಿಯ ತೂಕದ ಪ್ರತಿ ಕೆಜಿಗೆ 15 ಗ್ರಾಂ ಈರುಳ್ಳಿ ಸಾಕು. ಈ ನಾಯಿಗೆ ಲೆಕ್ಕ ಹಾಕಿದರೆ 180 ಗ್ರಾಂ, ಎರಡು ಈರುಳ್ಳಿ. ಬೆಳ್ಳುಳ್ಳಿ ಇನ್ನೂ ಜೋರು, ಅದಕ್ಕಿಂತ ಕಡಿಮೆ ಸಾಕು.

ಒಳಗೆ ಆಗುವುದು ಇಷ್ಟು. ಈರುಳ್ಳಿಯ ಗಂಧಕದ ಅಂಶ ರಕ್ತಕಣದೊಳಗಿನ ಹಿಮೋಗ್ಲೋಬಿನ್ ಅನ್ನು ಕೆಡಿಸುತ್ತದೆ. ಹಾಲು ಒಡೆದಾಗ ಗಟ್ಟಿ ಗಟ್ಟಿಯಾಗುತ್ತದಲ್ಲ, ಹಾಗೆ ಅದು ಮುದ್ದೆಗಟ್ಟಿ ಕಣದ ಗೋಡೆಗೆ ಅಂಟಿಕೊಳ್ಳುತ್ತದೆ. ಅದೇ ಆ ನೀಲಿ ಚುಕ್ಕೆ. ಅಂಥ ಕಣಗಳಲ್ಲಿ ಕೆಲವು ರಕ್ತನಾಳದಲ್ಲೇ ಒಡೆಯುತ್ತವೆ, ಉಳಿದವನ್ನು ಗುಲ್ಮ ಹಿಡಿದು ನಾಶ ಮಾಡುತ್ತದೆ. ಚುಕ್ಕೆ ಒಂದೆರಡು ದಿನದಲ್ಲೇ ಮೂಡುತ್ತದೆ, ರಕ್ತ ಕಡಿಮೆಯಾಗಿ ನಾಯಿ ಬೀಳುವುದು ಮೂರರಿಂದ ಐದನೇ ದಿನ. ಮತ್ತೆ ಹೇಳುತ್ತೇನೆ, ತಿಂದ ದಿನ ಹೆಚ್ಚಾಗಿ ಏನೂ ಗೊತ್ತಾಗುವುದಿಲ್ಲ.

ಆ ನಾಯಿಯ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣದ ಪಾಲು, ಶೇಕಡಾ 37ರ ಮೇಲಿರಬೇಕಾದದ್ದು 16ಕ್ಕೆ ಇಳಿದಿತ್ತು. ಇದಕ್ಕೆ ಪ್ರತಿವಿಷ ಅಂತ ಇಲ್ಲ. ಅವರ ಅಣ್ಣನ ಮನೆಯ ದೊಡ್ಡ ನಾಯಿಯ ರಕ್ತ ಹೊಂದಿಸಿ ನೋಡಿ ಕೊಟ್ಟೆವು, ಡ್ರಿಪ್ ಹಾಕಿದೆವು, ಕಾದೆವು. ಶನಿವಾರ ಮೂತ್ರದ ಬಣ್ಣ ತಿಳಿಯಾಯಿತು. ಎರಡು ವಾರಕ್ಕೆ ಪಿಸಿವಿ 34. ಹೊಸ ಕಣಗಳು ಸ್ಲೈಡಿನಲ್ಲಿ ಬಲೆ ನೇಯ್ದ ಹಾಗೆ ನೀಲಿಯಾಗಿ ಕಾಣುವುದು ನೋಡಿ ನನಗೆಷ್ಟು ಖುಷಿ!

ಸಮಯ ಮುಗಿಯುತ್ತಾ ಬಂತು, ಇನ್ನೆರಡು ಮಾತು ಬೇಗ ಹೇಳಿಬಿಡುತ್ತೇನೆ. ಹೊಟ್ಟೆಹುಳು ಹೋಗಲಿ, ಉಣ್ಣೆ ಹತ್ತದಿರಲಿ ಅಂತ ನಾಯಿಗೆ ಬೆಳ್ಳುಳ್ಳಿ ಜಜ್ಜಿ ಹಾಕುವವರು ದಯವಿಟ್ಟು ಇವತ್ತೇ ನಿಲ್ಲಿಸಿ. ಬೆಕ್ಕು ನಾಯಿಗಿಂತಲೂ ಸೂಕ್ಷ್ಮ. ಈಗಷ್ಟೇ ಈರುಳ್ಳಿ ತಿಂದದ್ದು ಕಣ್ಣಾರೆ ಕಂಡರೆ ಎರಡು ಗಂಟೆಯೊಳಗೆ ಕರೆತನ್ನಿ, ವಾಂತಿ ಮಾಡಿಸಬಹುದು. ಮನೆಯಲ್ಲಿ ಉಪ್ಪುನೀರು ಕುಡಿಸಬೇಡಿ. ದಿನ ದಾಟಿದ್ದರೆ, ನಾಯಿ ಮಂಕಾಗಿದ್ದರೆ, ಮೂತ್ರ ಕೆಂಪಗೋ ಕಪ್ಪಗೋ ಇದ್ದರೆ ಒಂದು ಸಣ್ಣ ಬಾಟಲಿಯಲ್ಲಿ ಅದನ್ನೂ ಹಿಡಿದು ತನ್ನಿ. ಮತ್ತು ಡಾಕ್ಟರ್ ಏನು ಹಾಕಿದ್ರಿ ಅಂತ ಕೇಳಿದಾಗ ಇವತ್ತಿನದಲ್ಲ, ಹೋದ ಒಂದು ವಾರದ್ದು ಹೇಳಿ. ಸಾರು ಅಂದರೆ ಸಾಲದು, ಅದಕ್ಕೆ ಏನು ರುಬ್ಬಿ ಹಾಕಿತ್ತು ಅನ್ನುವುದೂ ಬೇಕು. ನಮಸ್ಕಾರ.