ತುಂಗಾ, ಭದ್ರಾ ಮತ್ತು ಇಪ್ಪತ್ತು ಬೆರಳು

ಕೇಳುಗರಿಗೆ ನಮಸ್ಕಾರ.

ಐದು ತುಂಬಿದ ಅವಳಿ ಹೆಣ್ಣುಮಕ್ಕಳನ್ನು ಬೆಂಗಳೂರಿನ ಆಧಾರ್ ಕೇಂದ್ರಕ್ಕೆ ಕರೆತಂದ ತಾಯಿಗೆ ಒಂದು ಅನುಮಾನ ಬರಬಹುದು. ಮುಖ ಒಂದೇ, ದನಿ ಒಂದೇ. ಬೆರಳಚ್ಚೂ ಒಂದೇ ಆಗಿ, ಮೆಷೀನು ಇಬ್ಬರನ್ನೂ ಒಬ್ಬಳೇ ಎಂದುಕೊಂಡುಬಿಟ್ಟರೆ? ಮಕ್ಕಳಿಗೆ ತುಂಗಾ, ಭದ್ರಾ ಎಂದು ಹೆಸರಿಟ್ಟುಕೊಳ್ಳೋಣ. ಒಂದೇ ಭ್ರೂಣ ಎರಡಾಗಿ ಹುಟ್ಟಿದವರು, ಜೀನುಗಳೂ ಒಂದೇ. ಆದರೂ ತಾಯಿಯ ಅನುಮಾನಕ್ಕೆ ಕಾರಣವಿಲ್ಲ. ಯಾಕೆಂದು ತಿಳಿಯಲು ಅವರಿಬ್ಬರೂ ಹೊಟ್ಟೆಯಲ್ಲಿದ್ದ ದಿನಗಳಿಗೆ ಹೋಗಬೇಕು.

ಗರ್ಭ ಕಟ್ಟಿದ ಏಳೆಂಟು ವಾರಕ್ಕೆ ಮಗುವಿನ ಬೆರಳ ತುದಿಗಳಲ್ಲಿ ಪುಟ್ಟ ದಿಬ್ಬಗಳು ಉಬ್ಬುತ್ತವೆ. ಆಗ ಚರ್ಮ ನುಣುಪು, ಗೆರೆಯ ಸುಳಿವೇ ಇಲ್ಲ. ಹತ್ತನೇ ವಾರದ ಆಸುಪಾಸಿನಲ್ಲಿ ಬೆರಳು ಬೆಳೆಯುತ್ತಲೇ ಇರುತ್ತದೆ, ದಿಬ್ಬದ ಬೆಳವಣಿಗೆ ಮಾತ್ರ ನಿಧಾನವಾಗುತ್ತದೆ. ಹಾಗಾಗಿ ದಿಬ್ಬ ಕ್ರಮೇಣ ಬೆರಳಿನಲ್ಲಿ ಕರಗಿದಂತೆ ತಗ್ಗುತ್ತದೆ. ಗೆರೆ ಮೂಡುವುದು ಸರಿಯಾಗಿ ಈ ಹೊತ್ತಿನಲ್ಲೇ. ಮೇಲ್ಚರ್ಮದ ಅತಿ ಕೆಳಗಿನ ಪದರದ ಜೀವಕೋಶಗಳು ಸಾಲುಸಾಲಾಗಿ ಹೆಚ್ಚಿ, ಒಳಚರ್ಮದೊಳಕ್ಕೆ ಮಡಿಕೆಗಳಾಗಿ ಇಳಿಯುತ್ತವೆ. ನಾವು ಮೇಲೆ ಕಾಣುವ ಏಣುಗಳಿಗೆ, ಅಂದರೆ ಉಬ್ಬಿದ ಗೆರೆಗಳಿಗೆ, ಈ ಮಡಿಕೆಗಳೇ ಅಡಿಪಾಯ. ಅಡುಗೆಮನೆಯಲ್ಲಿ ಬೆರಳ ತುದಿ ಸ್ವಲ್ಪ ಸುಟ್ಟು ಸಿಪ್ಪೆ ಎದ್ದರೂ ಹಳೆಯ ಗೆರೆಯೇ ಮತ್ತೆ ಬರುವುದು ಅದಕ್ಕೇ. ಗಾಯ ಒಳಚರ್ಮದವರೆಗೆ ಇಳಿದರೆ ಮಾತ್ರ ಕಲೆ ಉಳಿಯುತ್ತದೆ.

ಈ ಗೆರೆಗಳು ಬೆರಳಿನ ತುಂಬ ಒಮ್ಮೆಲೇ ಏಳುವುದಿಲ್ಲ. ದಿಬ್ಬದ ನಡುವೆ, ಉಗುರಿನ ಅಂಚಿನ ಬಳಿ, ತುದಿಗೆಣ್ಣಿನ ಮಡಿಕೆಯ ಹತ್ತಿರ, ಹೀಗೆ ಮೂರು ಕಡೆ ಶುರುವಾಗಿ ಅಲೆಗಳಂತೆ ಹರಡುತ್ತವೆ. ಒಂದೇ ಹೊಲವನ್ನು ಮೂರು ಜನ ಮೂರು ಕಡೆಯಿಂದ ಉಳುತ್ತ ಬಂದಂತೆ. ನೇಗಿಲ ಸಾಲುಗಳು ಸಂಧಿಸುವ ಜಾಗದಲ್ಲಿ ಮೂರುಮೂಲೆಯ ಒಂದು ತುಂಡು ಉಳಿದೇ ಉಳಿಯುತ್ತದಲ್ಲ, ಬೆರಳಿನಲ್ಲೂ ಅಂಥ ಜಾಗ ಉಂಟು. ದಿಬ್ಬ ಎತ್ತರವಾಗಿ, ಎರಡೂ ಬದಿ ಸಮನಾಗಿದ್ದಾಗ ಗೆರೆ ಶುರುವಾದರೆ ಸುರುಳಿ ಬೀಳುತ್ತದೆ. ದಿಬ್ಬ ಒಂದು ಕಡೆಗೆ ವಾಲಿದ್ದರೆ ಕುಣಿಕೆ. ಆಗಲೇ ತಗ್ಗಿಹೋಗಿದ್ದರೆ ಕಮಾನು.

ಇಲ್ಲಿಯವರೆಗೆ ಜೀನುಗಳ ಕೈ ದೊಡ್ಡದು. ದಿಬ್ಬದ ಆಕಾರ, ಅದು ತಗ್ಗುವ ಕಾಲ, ಎರಡೂ ಬಹುಪಾಲು ಅವುಗಳ ಹಿಡಿತದಲ್ಲಿವೆ. ಆದ್ದರಿಂದಲೇ ತುಂಗಾಳ ಬಲ ತೋರುಬೆರಳಿನಲ್ಲಿ ಕುಣಿಕೆ ಇದ್ದರೆ ಭದ್ರಾಳದರಲ್ಲೂ ಇರುವ ಸಂಭವ ಹೆಚ್ಚು. ಆ ಮೂರುಮೂಲೆಯಿಂದ ಕುಣಿಕೆಯ ನಡುವಿಗೆ ಒಂದು ನೇರ ಗೆರೆ ಎಳೆದು, ಅಡ್ಡ ಸಿಗುವ ಏಣುಗಳನ್ನು ಎಣಿಸಿ. ಅಕ್ಕನಿಗೆ 14 ಸಿಕ್ಕರೆ ತಂಗಿಗೆ 15 ಸಿಗಬಹುದು, ಅಷ್ಟು ಹತ್ತಿರ.

ಈಗ ಭೂತಗನ್ನಡಿ ತನ್ನಿ. ತುಂಗಾಳ ಕುಣಿಕೆಯ ನಡುವಿನಿಂದ ಮೂರನೆಯ ಏಣು ಒಂದು ಕಡೆ ಕವಲೊಡೆದಿದೆ ಎನ್ನಿ. ಭದ್ರಾಳಲ್ಲಿ ಅದೇ ಏಣು ನೆಟ್ಟಗೆ ಸಾಗಿದೆ, ಪಕ್ಕದ್ದು ಅರ್ಧಕ್ಕೇ ನಿಂತಿದೆ. ಒಬ್ಬರನ್ನು ಗುರುತಿಸುವುದು ಈ ಕವಲು ಮತ್ತು ತುದಿಗಳಿಂದ.

ಇವು ಹುಟ್ಟುವ ಬಗೆ ಹೀಗೆ. ಚರ್ಮದಲ್ಲಿ ಒಂದು ರಾಸಾಯನಿಕ ಸಂದೇಶ 'ಇಲ್ಲಿ ಏಣು ಏಳಲಿ' ಎನ್ನುತ್ತದೆ, ಇನ್ನೊಂದು 'ಇಲ್ಲಿ ಬೇಡ' ಎಂದು ತಡೆಯುತ್ತದೆ. ಇಂಥ ಜಗ್ಗಾಟದಿಂದ ಪಟ್ಟೆಗಳು ತಾವಾಗಿಯೇ ಮೂಡಬಲ್ಲವು ಎಂದು ಗಣಿತಜ್ಞ ಅಲನ್ ಟ್ಯೂರಿಂಗ್ 1952ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಬೆರಳಿನಲ್ಲೂ ನಡೆಯುವುದು ಅದೇ ಎಂದು 2023ರಲ್ಲಿ ಎಡಿನ್‌ಬರೊದ ಸಂಶೋಧಕರು ತೋರಿಸಿದರು. ಈ ಜಗ್ಗಾಟ ಪಟ್ಟೆಗಳ ನಡುವಿನ ಅಂತರವನ್ನು ಕಾಯುತ್ತದೆ. ಯಾವ ಏಣು ಎಲ್ಲಿ ಮುಗಿಯಬೇಕು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಬೆರಳು ಹಿಗ್ಗಿ ಸಾಲುಗಳ ನಡುವೆ ಜಾಗ ಬಿದ್ದಲ್ಲಿ ಹೊಸ ಏಣು ತೂರಿಕೊಳ್ಳುತ್ತದೆ. ಯಾವ ಕೋಶ ಕ್ಷಣ ಮೊದಲು ಒಡೆಯಿತು, ಅಲೆ ಆ ಮಗ್ಗುಲನ್ನು ಯಾವಾಗ ತಲುಪಿತು ಎಂಬಷ್ಟು ಸಣ್ಣ ವ್ಯತ್ಯಾಸ ಸಾಕು, ಕವಲಿನ ಜಾಗ ಬದಲಾಗುತ್ತದೆ. ಅವಳಿಗಳು ಒಂದೇ ಗರ್ಭಕೋಶದಲ್ಲಿದ್ದರೂ ಹೊಕ್ಕುಳಬಳ್ಳಿ ಬೇರೆ, ಮಲಗಿದ ಭಂಗಿ ಬೇರೆ, ಬೆಳೆಯುವ ವೇಗವೂ ಕೂದಲೆಳೆಯಷ್ಟು ಬೇರೆ. ಅಷ್ಟೇಕೆ, ತುಂಗಾಳ ಹತ್ತು ಬೆರಳಿಗೂ ಜೀನು ಒಂದೇ, ರಕ್ತ ಒಂದೇ. ಆದರೂ ಹತ್ತೂ ಬೇರೆಬೇರೆ!

ಸುಮಾರು ಹದಿನೇಳನೇ ವಾರದ ಹೊತ್ತಿಗೆ ಹೊಸ ಏಣು ಸೇರುವುದು ನಿಲ್ಲುತ್ತದೆ. ಮುಂದೆ ಬೆರಳು ದೊಡ್ಡದಾದಂತೆ ಚಿತ್ರವೂ ಹಿಗ್ಗುತ್ತದೆ, ಎಣಿಕೆ ಬದಲಾಗದು.

ಗಾರೆ ಕೆಲಸದವರ ಬೆರಳನ್ನು ಪಡಿತರ ಅಂಗಡಿಯ ಮೆಷೀನು ಒಪ್ಪದಿದ್ದಾಗ 'ಗೆರೆ ಅಳಿಸಿಹೋಗಿದೆ' ಎನ್ನುತ್ತಾರೆ. ಸವೆದಿರುವುದು ಮೇಲಿನ ಏಣು ಮಾತ್ರ, ಅಡಿಪಾಯ ಅಲ್ಲೇ ಇದೆ. ಕೈಗೆ ಕೆಲವು ವಾರ ಬಿಡುವು ಸಿಕ್ಕರೆ ಸಾಮಾನ್ಯವಾಗಿ ಏಣು ಮತ್ತೆ ಎದ್ದುಬರುತ್ತದೆ. ಅಲ್ಲಿಯವರೆಗೆ ಬೆರಳನ್ನು ತೊಳೆದು ಒರೆಸಿ, ಒಣಗಿದ್ದರೆ ತುಸು ತೇವ ಮಾಡಿ ಇಡಿ. ಆಗಲೂ ಆಗದಿದ್ದರೆ ಕಡಿಮೆ ಸವೆದ ಇನ್ನೊಂದು ಬೆರಳು ಕೊಟ್ಟು ನೋಡಿ.

ನಿಮ್ಮ ಮನೆಯಲ್ಲಿ ಅವಳಿಗಳಿದ್ದರೆ ಸ್ಟ್ಯಾಂಪ್ ಪ್ಯಾಡಿಗೆ ಬೆರಳನ್ನು ಹಗುರಾಗಿ ಒತ್ತಿಸಿ, ಬಿಳಿ ಹಾಳೆಯ ಮೇಲೆ ಉಗುರಿನ ಒಂದಂಚಿನಿಂದ ಇನ್ನೊಂದಂಚಿಗೆ ಒಮ್ಮೆ ಮಾತ್ರ ಉರುಳಿಸಿ. ಶಾಯಿ ಹೆಚ್ಚಾದರೆ ಏಣುಗಳ ನಡುವಿನ ತಗ್ಗು ತುಂಬಿ ಕವಲುಗಳು ಕಾಣುವುದಿಲ್ಲ. ಹಾಳೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ, ಕುಣಿಕೆಯ ನಡುವಿನಿಂದ ಹೊರಗೆ ಒಂದೊಂದೇ ಏಣನ್ನು ಹಿಂಬಾಲಿಸುತ್ತ ಹೋಗಿ. ನಾಲ್ಕೈದು ಏಣು ದಾಟುವುದರೊಳಗೇ ಇಬ್ಬರೂ ಬೇರೆಯಾಗಿರುತ್ತಾರೆ.

ನಮಸ್ಕಾರ.